ತಿದ್ದಿ ಕಳಿಸಿ

ರಾಮನಗರದ ಒಂದು ರೇಷ್ಮೆ ನೂಲಿನ ಕಾರ್ಖಾನೆಯಿಂದ ಬೆಂಗಳೂರಿನ ಮುಖ್ಯ ಕಚೇರಿಗೆ ಹೋಗುವ ಸಂದೇಶಗಳೆಲ್ಲ ಮೊದಲು ಕಾರ್ಖಾನೆಯ ಆಫೀಸಿನಲ್ಲಿ ಕೂರುವ ಸೌಮ್ಯಳ ಫೋನಿಗೆ ಬರಬೇಕು. ಅವಳು ಇಂಗ್ಲಿಷ್ ತಪ್ಪಿಗೆ ಗುರುತು ಹಾಕುತ್ತಾಳೆ. ಬರೆದವರೇ ತಿದ್ದಿ ಮತ್ತೆ ಕಳಿಸಿದರೆ ಮಾತ್ರ ಮುಂದಕ್ಕೆ ಹೋಗುತ್ತದೆ. ಮ್ಯಾನೇಜರ್ ನಟರಾಜು ಮಾಡಿದ ನಿಯಮ. ಯಂತ್ರ ನಿಲ್ಲಿಸಬೇಕಾದರೂ ಮುಖ್ಯ ಕಚೇರಿಯ ಅಪ್ಪಣೆ ಬೇಕು.

ಬಾಯ್ಲರ್ ನೋಡಿಕೊಳ್ಳುವ ಸಾಬೀರ್ ಎಲ್ಲದಕ್ಕೂ ‘ಇಂಗ್’ ಹಾಕುತ್ತಿದ್ದ. ‘ಐ ಆ್ಯಮ್ ಹ್ಯಾವಿಂಗ್ ಎ ಡೌಟ್.’ ‘ಐ ಆ್ಯಮ್ ನಾಟ್ ನೋಯಿಂಗ್.’

“ಸಾಬೀರಣ್ಣ, ಡೌಟು ಇರೋದು, ಮಾಡೋ ಕೆಲ್ಸ ಅಲ್ಲ. ‘ಐ ಹ್ಯಾವ್ ಎ ಡೌಟ್’ ಅಂತ ಬರಿ.”

“ನನ್ ಡೌಟು ಬೆಳಗ್ಗಿಂದ ತಲೇಲಿ ಓಡ್ತಾನೇ ಐತಲ್ಲ ಮೇಷ್ಟ್ರಮ್ಮ.”

ಒಂದು ಮಂಗಳವಾರ ಹನ್ನೊಂದು ಹತ್ತಕ್ಕೆ ಅವನು ಬರೆದ: ‘ಐ ಆ್ಯಮ್ ಹಿಯರಿಂಗ್ ಎ ಹಿಸ್ಸಿಂಗ್ ಸೌಂಡ್. ದ ಗೇಜ್ ಈಸ್ ಸೀಮಿಂಗ್ ಸ್ಟಕ್. ಐ ಆ್ಯಮ್ ಹ್ಯಾವಿಂಗ್ ಎ ಡೌಟ್.’

ಉಗಿ ಸೋರುವ ಸದ್ದು ಬರುತ್ತಿದೆ, ಒತ್ತಡದ ಮುಳ್ಳು ಸಿಕ್ಕಿಕೊಂಡಂತಿದೆ ಎಂದು ಅವನು ಹೇಳಿದ್ದ. ಸೌಮ್ಯ ನೋಡಿದ್ದು ಹಿಯರ್, ಸೀಮ್, ಹ್ಯಾವ್, ಈ ಮೂರು ಮಾತುಗಳನ್ನು. ಮೂರಕ್ಕೂ ಗುರುತು ಹಾಕಿ ‘ತಿದ್ದಿ ಕಳಿಸಿ’ ಎಂದು ಬರೆದಳು. ಹನ್ನೊಂದು ಇಪ್ಪತ್ತಕ್ಕೆ ಉಗಿಯ ಪೈಪು ಸಿಡಿಯಿತು. ಸಾಬೀರ್ ಆಸ್ಪತ್ರೆಯ ದಾರಿಯಲ್ಲಿ ಸತ್ತ. ಅವನ ಜೇಬಿನಲ್ಲೇ ಬೆಂದ ಫೋನನ್ನು ಪೊಲೀಸರು ಕವರಿನಲ್ಲಿ ಹಾಕಿಕೊಂಡು ಹೋದರು.

ಸಂದೇಶದ ವಿಷಯ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತಿತ್ತು. ಅಳಿಸಲೂ ಇಲ್ಲ.

ತಿಂಗಳ ನಂತರ ರಿಪೇರಿಯಾದ ಬಾಯ್ಲರಿಗೆ ಜಬ್ಬಾರ್ ಎಂಬ ಹೊಸಬ ಬಂದ. ಅವನ ಮೊದಲ ಮಂಗಳವಾರ, ಹನ್ನೊಂದು ಹತ್ತಕ್ಕೆ, ಸೌಮ್ಯಳ ಫೋನಿನಲ್ಲಿ ಸಾಬೀರ್ ಹೆಸರು ಮೇಲೆ ಬಂತು. ಹೆಸರಿನ ಕೆಳಗೆ ‘ಟೈಪಿಂಗ್’ ಎಂದಿತ್ತು. ಬಹಳ ಹೊತ್ತು ಹಾಗೇ ಇತ್ತು, ಅವನು ಯಾವಾಗಲೂ ನಿಧಾನವಾಗಿ ಬರೆಯುತ್ತಿದ್ದ ಹಾಗೆ.

‘ಐ ಹಿಯರ್ ಎ ಹಿಸ್ಸಿಂಗ್ ಸೌಂಡ್. ದ ಗೇಜ್ ಸೀಮ್ಸ್ ಸ್ಟಕ್. ಐ ಹ್ಯಾವ್ ಎ ಡೌಟ್.’

ಒಂದೂ ತಪ್ಪಿರಲಿಲ್ಲ.

ಅವಳು ಬಾಯ್ಲರ್ ಕೋಣೆಗೆ ಓಡಿದಳು. “ಜಬ್ಬಾರ್, ಉರಿ ನಿಲ್ಸು.”

“ಎಲ್ಲಾ ಸರಿಯಾಗೈತಲ್ಲ ಮೇಡಮ್, ಮುಳ್ಳು ನೋಡಿ.” ಅವನು ಗೇಜನ್ನು ಬೆರಳಲ್ಲಿ ತಟ್ಟಿದ. ಮುಳ್ಳು ಎಗರಿ ಕೆಂಪು ಗೆರೆ ದಾಟಿ ನಿಂತಿತು. ಎಲ್ಲೋ ಸಣ್ಣಗೆ ಉಗಿಯ ಸದ್ದು. ಜಬ್ಬಾರ್ ಉರಿ ನಿಲ್ಲಿಸಿದ. ಇಬ್ಬರೂ ಹೊರಗೆ ಬಂದರು.

“ಆಫೀಸಲ್ಲಿ ಕೂತಿದ್ದೋಳಿಗೆ ಹೆಂಗ್ ಗೊತ್ತಾಯ್ತಮ್ಮ?” ಎಂದು ನಟರಾಜು ಕೇಳಿದರು.

ಸೌಮ್ಯ ಫೋನು ಕೊಟ್ಟಳು. ಅವರು ಓದಿದರು, ದಿನಾಂಕ ನೋಡಿದರು, ಮತ್ತೆ ಓದಿದರು.

“ಇದು ಹೋದ್ ತಿಂಗಳದು. ಅವತ್ತೇ ಯಾಕ್ ಕಳಿಸ್ಲಿಲ್ಲ?”

ಅವಳು ಬಗ್ಗಿ ನೋಡಿದಳು. ಹೊಸ ಸಂದೇಶ ಇರಲಿಲ್ಲ. ಹಳೆಯದು ಮೂರೂ ‘ಇಂಗ್’ ಸಮೇತ ಇತ್ತು. ಅದರ ಕೆಳಗೆ ಅವಳದೇ ‘ತಿದ್ದಿ ಕಳಿಸಿ’.

ಫೋನು ವಾಪಸು ತೆಗೆದುಕೊಂಡು, ಒಂದಕ್ಷರವನ್ನೂ ತಿದ್ದದೆ, ಅವನ ಸಂದೇಶ, ತನ್ನ ಉತ್ತರ ಎರಡನ್ನೂ ಮುಖ್ಯ ಕಚೇರಿಗೆ ಕಳಿಸಿದಳು. ನಟರಾಜು ತಡೆಯಲು ಕೈ ಚಾಚಿದರು. ಆಗಲೇ ಹೋಗಿತ್ತು.

ಸಾಬೀರ್ ಹೆಸರಿನ ಕೆಳಗೆ ‘ಆನ್‌ಲೈನ್’ ಎಂದಿತ್ತು. ಅವಳು ನೋಡುತ್ತಿದ್ದಂತೆ ಅದು ಹೋಯಿತು.