ಪಾಲಿಶ್ ಸಾಬರ ಚೀಲ

"ಕಾಲು ಮೊದಲು ಬರ್ಲಿ, ಕಾಲು ಮೊದಲು... ಗಂಗಣ್ಣ, ಆ ಕಡೆ ಹಿಡ್ಕೋ!"

ಖಾದರ್ ಬಾಷಾ ಕೂಗಿದಾಗ ಗಂಗಹನುಮಯ್ಯ ಸ್ಟ್ರೆಚರಿನ ತುದಿಗೆ ಕೈ ಕೊಟ್ಟ. ಜಿಲ್ಲಾಸ್ಪತ್ರೆಯ ಶವಾಗಾರದಿಂದ ದಸ್ತಗೀರ್ ಸಾಬರು ಬಿಳಿ ಬಟ್ಟೆಯೊಳಗೆ ಹೊರಗೆ ಬಂದರು. ಅರವತ್ತೆರಡು ವರ್ಷದ ದೇಹ ಇಷ್ಟು ಹಗುರ ಇರುತ್ತದೆಂದು ಗಂಗಹನುಮಯ್ಯ ಅಂದುಕೊಂಡಿರಲಿಲ್ಲ. ನಿನ್ನೆ ಬೆಳಗ್ಗೆ ಇದೇ ದೇಹವನ್ನು, ಭಾರವೂ ತಿಳಿಯದಷ್ಟು ಗಾಬರಿಯಲ್ಲಿ, ಒಬ್ಬನೇ ಎತ್ತಿ ಆಟೋದೊಳಗೆ ಮಲಗಿಸಿದ್ದವನೂ ಅವನೇ. ಆದರೆ ಅದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಂಬುಲೆನ್ಸಿನ ಬಾಗಿಲು ಮುಚ್ಚುವ ಮೊದಲು ಸಂಚಾರ ಠಾಣೆಯ ಎಎಸ್‌ಐ ಮಲ್ಲೇಶಪ್ಪ ಕಾಗದ ತಂದರು. ಖಾದರ್ ಸತ್ತವರ ಭಾಮೈದ, ಅವನೇ ಸಹಿ ಹಾಕಬೇಕು.

"ಏನು ಬರೆದಿದೀರ ಸಾರ್?"

"ಸದ್ಯಕ್ಕೆ ಅಸಹಜ ಸಾವು. ಸೈಕಲ್ಲಿಂದ ತಾನಾಗೇ ಬಿದ್ದಿರೋದು. ಆಸ್ಪತ್ರೆ ರಿಜಿಸ್ಟರಲ್ಲೂ ಹಾಗೇ ಇದೆಯಪ್ಪ. 'ಬಿದ್ದಿದ್ರು' ಅಂತ ತಂದೋನು ಹೇಳಿದಾನೆ. ಮೈಮೇಲೆ ಮದ್ಯದ ವಾಸನೆ ಅಂತ ಡಾಕ್ಟರು ಬರೆದಿದಾರೆ."

"ನಮ್ಮ ಭಾವ? ಕುಡಿಯೋದಾ?" ಖಾದರನ ದನಿ ಒಡೆಯಿತು. "ಅವರು ಫರ್ನಿಚರ್ ಪಾಲಿಶ್ ಮಾಡೋರು ಸಾರ್. ಸ್ಪಿರಿಟ್ಟು ಅದು."

"ಇರಬಹುದು. ರಕ್ತ ಪರೀಕ್ಷೆಗೆ ಹೋಗಿದೆ. ವರದಿ ಬರೋಕೆ ತಿಂಗಳುಗಟ್ಟಲೆ ಆಗತ್ತೆ. ಅಲ್ಲೀವರೆಗೆ ಕಾಗದದಲ್ಲಿ ಇದ್ದದ್ದು ಇದ್ದ ಹಾಗೇ. ನೋಡಿದೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ."

ಗಂಗಹನುಮಯ್ಯ ತಲೆ ತಗ್ಗಿಸಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತ ನಿಂತ. ಅದು ಸರಿಯಾಗಿಯೇ ಇತ್ತು.

*

ನಿನ್ನೆ ಬೆಳಗ್ಗೆ ಆರೂವರೆ. ಹಳೇ ಸಂತೇಪೇಟೆಯ ತಿರುವಿನಲ್ಲಿ ಎರಡು ಚೀಲ ಹಿಡಿದ ಹೆಂಗಸೊಬ್ಬಳು ಗಂಗಹನುಮಯ್ಯನ ಆಟೋಗೆ ಕೈ ತೋರಿಸಿದಳು. ಬೋಣಿ ಗಿರಾಕಿ. ತಿರುವಿನಲ್ಲಿ ನಿಲ್ಲಿಸಬಾರದು ಎಂದು ಅವನಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು, ಇಪ್ಪತ್ತೆರಡು ವರ್ಷದಿಂದಲೂ ನಿಲ್ಲಿಸುತ್ತಲೇ ಇದ್ದ. ಗಕ್ಕನೆ ಬ್ರೇಕು ಹಾಕಿದ.

ಹಿಂದೆ ಸೈಕಲ್ಲಿನ ಗಂಟೆ ಕೇಳಿತು. ದಸ್ತಗೀರ್ ಸಾಬರು ಆಟೋ ಬಳಸಿಕೊಂಡು ಬಲಕ್ಕೆ ಬಂದರು. ಅದೇ ಹೊತ್ತಿಗೆ ಎದುರಿನಿಂದ ನೀರಿನ ಟ್ಯಾಂಕರ್ ಎಳೆಯುತ್ತಿದ್ದ ಟ್ರ್ಯಾಕ್ಟರು ತಿರುವನ್ನು ಕತ್ತರಿಸಿ, ತನ್ನ ಬದಿ ಬಿಟ್ಟು, ಈ ಬದಿಗೇ ನುಗ್ಗಿತು. ದೊಡ್ಡ ಸದ್ದೇನೂ ಆಗಲಿಲ್ಲ. ಸೈಕಲ್ಲು ಮಡಚಿಕೊಂಡ ಸದ್ದು, ಅಷ್ಟೆ. ಟ್ಯಾಂಕರ್ ನಿಲ್ಲಲಿಲ್ಲ. ಹಳದಿ ಟ್ಯಾಂಕು, ಎಡಗಡೆಯ ಹಿಂದೀಪ ಒಡೆದಿತ್ತು, ನಂಬರಿನ ಕೊನೆಗೆ ನಲವತ್ತೇಳು ಹದಿನಾರು. ಹೆಂಗಸು ಚೀಲ ಎತ್ತಿಕೊಂಡು ಎತ್ತಲೋ ಹೋದಳು.

"ಗಂಗಣ್ಣಾ..." ಎಂದರು ಸಾಬರು, ಆಟೋದ ಹಿಂದಿನ ಸೀಟಿನಲ್ಲಿ ಮಲಗಿಕೊಂಡು. ಗುರುತು ಹಿಡಿದಿದ್ದರು. "ಸೈಕಲ್ಲು ಯಾರ ಬಾಗಿಲಿಗೂ ಅಡ್ಡ ಆಗದ ಹಾಗೆ ಇಟ್ಯಾ?"

ಆಮೇಲೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ "ಏನಾಯ್ತು?" ಎಂದು ಕೇಳಿದಾಗ ಗಂಗಹನುಮಯ್ಯನ ಬಾಯಿಗೆ ಬಂದದ್ದು ಒಂದೇ ಮಾತು: "ಬಿದ್ದಿದ್ರು, ಕರ್ಕೊಂಡು ಬಂದೆ." ಸುಳ್ಳಲ್ಲ. ನಿಜವೂ ಅಲ್ಲ. ಆಟೋದ ಎಫ್‌ಸಿ ಪತ್ರದ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಟ್ಯಾಂಕರ್ ವಿಷಯ ಹೇಳಿದರೆ ನೀನೆಲ್ಲಿದ್ದೆ ಎನ್ನುತ್ತಾರೆ, ತಿರುವಿನಲ್ಲಿದ್ದೆ ಎಂದರೆ ನಿನ್ನಿಂದಲೇ ಆದದ್ದು ಎನ್ನುತ್ತಾರೆ, ಗಾಡಿ ಠಾಣೆಯ ಬೇಲಿಯೊಳಗೆ ತುಕ್ಕು ಹಿಡಿಯುತ್ತದೆ. ಹೆಸರೂ ಹೇಳದೆ ಬಂದುಬಿಟ್ಟ. ಸಾಬರ ಜೊತೆಗೇ ಎತ್ತಿ ಹಾಕಿಕೊಂಡಿದ್ದ ಅವರ ಪಾಲಿಶ್ ಚೀಲ ಸೀಟಿನ ಕೆಳಗೆ ಉಳಿದದ್ದು ಸಂಜೆ ಕಣ್ಣಿಗೆ ಬಿತ್ತು. ಅದನ್ನು ಇನ್ನೂ ಒಳಕ್ಕೆ ತಳ್ಳಿದ. ಇವತ್ತು ಬೆಳಗಿನ ಜಾವ ಸಾಬರು ತೀರಿಕೊಂಡರು.

*

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮೈ ತೊಳೆಸಿ ಕಫನ್ ಬಟ್ಟೆ ತೊಡಿಸಿ ಆಗಿತ್ತು. ಸಾಬರ ಹೆಂಡತಿ ಖಮರುನ್ನಿಸಾ ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದರು. ಗಂಗಹನುಮಯ್ಯನನ್ನು ಕಂಡು ಸೆರಗು ಎಳೆದುಕೊಂಡರು.

"ಬಂದ್ಯಾ ಗಂಗಣ್ಣ? ನಿನ್ನ ಮೊಮ್ಮಗಳು ಚೆನ್ನಾಗಿದಾಳಾ?"

ಸಾವಿನ ಮನೆಯಲ್ಲಿ ಎದುರಿನವರ ಯೋಗಕ್ಷೇಮ ಕೇಳುವ ಜನ ಇವರು.

"ಚೆನ್ನಾಗಿದಾಳೆ ಅಕ್ಕ."

"ಆ ತೊಟ್ಟಿಲಲ್ಲಿ ಇನ್ನೂ ಮಲಗ್ತಾಳಾ?"

"ಕಾಲು ಹೊರಗೆ ಬರುತ್ತೆ. ಆದ್ರೂ ಅದೇ ಬೇಕು ಅಂತಾಳೆ."

ಆಕೆ ಒಂದು ಗಳಿಗೆ ನಕ್ಕೇಬಿಟ್ಟರು, ಆಮೇಲೆ ಅತ್ತರು. "ಯಾರೋ ಆಟೋದವನು ಆಸ್ಪತ್ರೆಗೆ ಸೇರಿಸಿದನಂತೆ. ದಾರೀಲಿ ಅನಾಥರ ಥರ ಬಿಟ್ಟು ಹೋಗ್ಲಿಲ್ಲ. ಅವನ ಮಕ್ಕಳು ಮರಿ ತಣ್ಣಗಿರ್ಲಿ. ಎರಡು ಸಲ ದುವಾ ಮಾಡಿದೀನಿ."

ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

*

ತೊಟ್ಟಿಲು ಹಳೆಯದು, ಗಂಗಹನುಮಯ್ಯನ ಅಜ್ಜಿಯ ಕಾಲದ್ದು, ಹೊಗೆ ಹಿಡಿದು ಕಪ್ಪಾಗಿತ್ತು. ಎರಡು ವರ್ಷದ ಹಿಂದೆ ದಸ್ತಗೀರ್ ಸಾಬರು ಅಂಗಳದಲ್ಲಿ ಕೂತು ಮೂರು ದಿನ ಉಜ್ಜಿದ್ದರು. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಹತ್ತಿಯ ಉಂಡೆಗೆ ಹಳೇ ಬಟ್ಟೆ ಸುತ್ತಿ, ಅದ್ದಿ ಅದ್ದಿ ಸುತ್ತು ಸುತ್ತಾಗಿ ಎಳೆಯುತ್ತಿದ್ದರು.

ಚಹಾ ಕೊಟ್ಟರೆ ಮೊದಲು ಸೋಪಿನಿಂದ ಮೊಣಕೈವರೆಗೆ ತೊಳೆಯುತ್ತಿದ್ದರು.

"ಹಿಂಗೆ ಉಜ್ಜಿದ್ರೆ ಚರ್ಮಾನೇ ಬರುತ್ತಲ್ಲ ಸಾಬ್ರೆ."

"ಈ ಸ್ಪಿರಿಟ್ ವಾಸನೆಗೆ ಗೊತ್ತಿಲ್ಲದೋರು ಬೇರೆ ಏನೋ ಅಂದ್ಕೋತಾರೆ ಗಂಗಣ್ಣ. ಬಸ್ಸಲ್ಲಿ ಪಕ್ಕದೋರು ಎದ್ದು ಹೋಗ್ತಾರೆ. ಅದಕ್ಕೇ ಸೈಕಲ್ಲು." ಮೆಲ್ಲಗೆ ನಕ್ಕಿದ್ದರು. "ಮಸೀದಿಗೆ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿಯೇ ಹೋಗ್ತೀನಿ. ಆದರೂ ಕೊನೇ ಸಾಲು. ಯಾರ ಮೂಗಿಗೂ ನನ್ನಿಂದ ತೊಂದರೆ ಬೇಡ."

ಮಗು ಬಾಯಿ ಹಾಕುವ ಕಡೆ ಪಾಲಿಶ್ ಮಾಡಲಿಲ್ಲ. ಬರೀ ಕೊಬ್ಬರಿ ಎಣ್ಣೆ ಸವರಿ ಕೊಟ್ಟಿದ್ದರು.

*

ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಜನಾಜದ ಮಂಚ ಎದ್ದಿತು. ಹೆಗಲು ಕೊಡುವವರು ಹತ್ತು ಹೆಜ್ಜೆಗೊಮ್ಮೆ ಬದಲಾಗುತ್ತಿದ್ದರು. ಗಂಗಹನುಮಯ್ಯ ಸರದಿಗೆ ಕಾದು ಮುಂದಿನ ಬಲಗಡೆಗೆ ಹೆಗಲು ಕೊಟ್ಟ. ಮರ ಕೆನ್ನೆಗೆ ತಾಗಿತು, ನುಣ್ಣಗೆ. ಮೂಗಿಗೆ ಅದೇ ವಾಸನೆ.

"ಹೋದ ಶುಕ್ರವಾರ ಇವರೇ ಈ ಮಂಚಕ್ಕೆ ಪಾಲಿಶ್ ಹಾಕೋಕೆ ಶುರು ಮಾಡಿದ್ರು," ಎಂದ ಪಕ್ಕದಲ್ಲಿದ್ದ ಮಸೀದಿಯ ಮುದುಕ. "ಪ್ರತಿ ವರ್ಷ ಮಾಡ್ತಿದ್ರು. ನಿನ್ನೆ ಕೊನೇ ಕೈ ಹೊಡಿತೀನಿ ಅಂದಿದ್ರು. ಅದಕ್ಕೇ ಅಷ್ಟು ಬೇಗ ಹೊರಟಿದ್ದು."

ಹಿಂದೆ ಇಬ್ಬರು ಪಿಸುಗುಟ್ಟುತ್ತಿದ್ದರು.

"ಕುಡ್ಕೊಂಡು ಬಿದ್ದರಂತೆ. ಪೊಲೀಸಿನೋರೇ ಬರೆದಿದಾರಂತೆ."

"ಛೆ, ಐದು ಹೊತ್ತು ತಪ್ಪಿಸದೋರು..."

"ಒಳಗೊಳಗೆ ಯಾರು ಹೆಂಗೋ, ಯಾರಿಗೆ ಗೊತ್ತು ಮಾರಾಯ."

ಯಾರ ಮೂಗಿಗೂ ತೊಂದರೆ ಕೊಡಬಾರದೆಂದು ಬದುಕೆಲ್ಲ ಹಿಂದಿನ ಸಾಲಲ್ಲಿ ನಿಂತ ಮನುಷ್ಯ ಇವತ್ತು ಎಲ್ಲರ ಮುಂದಿದ್ದ, ಊರೆಲ್ಲ ಮೂಗು ಮುಚ್ಚಿಕೊಳ್ಳುತ್ತಿತ್ತು. ಆ ಮಾತನ್ನು ಹುಟ್ಟಿಸಿದವನು ಹೆಗಲು ಕೊಟ್ಟು ನಡೆಯುತ್ತಿದ್ದ. ಗಂಗಹನುಮಯ್ಯನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇನ್ನೊಬ್ಬರು ಹೆಗಲು ಬದಲಾಯಿಸಲು ಬಂದಾಗ ಬಿಡಲಿಲ್ಲ. ಖಬರಸ್ತಾನದವರೆಗೂ ಬಿಡಲಿಲ್ಲ.

ಮೂರು ಹಿಡಿ ಮಣ್ಣು ಹಾಕಿ ಕೈ ಕೊಡವಿಕೊಳ್ಳುತ್ತಿದ್ದ ಖಾದರನನ್ನು ಬೇವಿನ ಮರದಡಿಗೆ ಕರೆದ.

"ಆ ಆಟೋದವನು ನಾನೇ ಖಾದರ್."

ಖಾದರನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಗಂಗಹನುಮಯ್ಯ ಎಲ್ಲ ಹೇಳಿದ: ಟ್ಯಾಂಕರ್, ನಂಬರು, ತಾನು ನಿಲ್ಲಿಸಿದ್ದ ಜಾಗ. ಜಾಗ ಹೇಳುವಾಗ ದನಿ ಇಳಿಯಿತು, ಆದರೆ ಹೇಳಿದ.

ಖಾದರ್ ಅವನ ಕಾಲರ್ ಹಿಡಿದ. "ಬೆಳಗಿಂದ ಪಕ್ಕದಲ್ಲೇ ನಿಂತಿದ್ಯಲ್ಲೋ! ಅಕ್ಕನ ಕೈಲಿ ದುವಾ ಬೇರೆ ತಗೊಂಡ್ಯಲ್ಲೋ!"

"ಹೂಂ."

"ನಾಚಿಕೆ ಆಗ್ಲಿಲ್ವಾ?"

"ಆಯ್ತು. ನಡಿ, ಠಾಣೆಗೆ ಹೋಗಣ. ನಡೆದೇ ಹೋಗಣ ಅಂದ್ರೆ ನಡೆದೇ ಬರ್ತೀನಿ."

ಖಾದರ್ ಕಾಲರ್ ಬಿಟ್ಟ. ಕಣ್ಣೊರೆಸಿಕೊಂಡ. "ಆಟೋ ಎಲ್ಲಿ?" ಎಂದ.

*

ಠಾಣೆಯ ಮುಂದೆ ಸೀಟಿನಡಿಯಿಂದ ಚೀಲ ಎಳೆದಾಗ ಬಾಟಲಿಯ ಬಿರಡೆ ಸಡಿಲವಾಗಿತ್ತು. ಕಂದು ದ್ರಾವಣ ಕೈಮೇಲೆ, ಖಾಕಿ ಅಂಗಿಯ ಮೇಲೆ ಚೆಲ್ಲಿತು. ಬಾಗಿಲಲ್ಲಿದ್ದ ಪೇದೆ ಮೂಗು ಅರಳಿಸಿದ.

"ಏನಯ್ಯಾ, ಹಗಲ್ಹೊತ್ತೇ ಹಾಕ್ಕೊಂಡು ಠಾಣೆಗೇ ಬಂದಿದ್ಯಾ?"

"ಈ ವಾಸನೆ ವಿಷಯಾನೇ ಹೇಳೋಕೆ ಬಂದಿದೀನಿ ಸಾರ್."

ಮಲ್ಲೇಶಪ್ಪ ಬಾಟಲಿ ತೆಗೆದು ಮೂಸಿದರು. ಹತ್ತಿಯ ಉಂಡೆ ಮೂಸಿದರು. ಅರಗಿನ ಚಕ್ಕೆಗಳ ಪೊಟ್ಟಣ ಬಿಡಿಸಿ ನೋಡಿ, ಕುರ್ಚಿ ತೋರಿಸಿ, ಗಂಗಹನುಮಯ್ಯ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಸಾರ್. ಎಫ್‌ಸಿ ಮುಗಿದಿದೆ. ಗಾಡಿ ಹಿಡೀತಾರೆ, ನನ್ನ ತಲೆಗೇ ಕಟ್ತಾರೆ ಅಂತ."

"ಎಫ್‌ಸಿಗೆ ದಂಡ ಬೀಳುತ್ತೆ, ಅದು ಬೇರೆ ಲೆಕ್ಕ. ಆಸ್ಪತ್ರೆಗೆ ತಂದೋನನ್ನ ಕಾಡಬಾರದು ಅಂತ ಕಾನೂನೇ ಇದೆ ಕಣಯ್ಯ. ಹೆಸರು ಹೇಳಲೇಬೇಕು ಅಂತಾನೂ ಇರ್ಲಿಲ್ಲ. ನಿಜ ಹೇಳಿದ್ರೆ ಸಾಕಿತ್ತು." ಖಾದರನ ಕಡೆ ತಿರುಗಿದರು. "ನೀನು ದೂರು ಬರೆದುಕೊಡು, ಅದಕ್ಕೆ ನಿನ್ನ ಸಹಿ. ಅಸಹಜ ಸಾವಿನ ಕಡತ ಬಿಟ್ಟು ಟ್ಯಾಂಕರ್ ಡ್ರೈವರ್ ಮೇಲೆ ಎಫ್‌ಐಆರ್ ಮಾಡ್ತೀನಿ. ಈ ಚೀಲ ಪಂಚರ ಮುಂದೆ ಮಹಜರು ಮಾಡಿ ತಗೋಬೇಕು."

"ರಿಜಿಸ್ಟರಲ್ಲಿ ಇರೋ ಆ ಕುಡಿತದ ಮಾತು?" ಎಂದ ಖಾದರ್.

"ಅದನ್ನ ಹೊಡೆದುಹಾಕೋಕೆ ನನಗೆ ಬರಲ್ಲ. ಆದರೆ ಇವನ ಹೇಳಿಕೆ ಅದರ ಪಕ್ಕದಲ್ಲಿ ಕೂರುತ್ತೆ." ಪೆನ್ನು ಬಿಚ್ಚಿದರು. "ಗಂಗಹನುಮಯ್ಯ, ಯೋಚನೆ ಮಾಡು. ತಿರುವಲ್ಲಿ ಆಟೋ ನಿಲ್ಲಿಸಿದ್ದೂ ಬರೀತೀನಿ. ನಾಳೆ ಕೋರ್ಟಲ್ಲಿ ಟ್ಯಾಂಕರ್ ಕಡೆ ವಕೀಲ ಅದನ್ನೇ ಹಿಡ್ಕೊಂಡು ನಿನ್ನ ಹಣೀತಾನೆ. ಮೂರು ಸಲ, ನಾಲ್ಕು ಸಲ ಕರೀತಾರೆ."

ಬಿಟ್ಟುಬಿಡಬಹುದಿತ್ತು. ಟ್ಯಾಂಕರ್ ಮಾತ್ರ ಹೇಳಿ, ದೂರದಿಂದ ನೋಡಿದೆ ಎನ್ನಬಹುದಿತ್ತು. ಗಂಗಹನುಮಯ್ಯ ಮೇಜಿನ ಅಂಚನ್ನು ನೋಡಿದ, ಪಾಲಿಶ್ ಕಾಣದೆ ಎಷ್ಟೋ ಕಾಲವಾಗಿತ್ತು.

"ಬರೀರಿ ಸಾರ್. ನಾನು ನಿಲ್ಲಿಸದೆ ಇದ್ದಿದ್ರೆ ಅವರು ಬಲಕ್ಕೆ ಬರ್ತಾನೇ ಇರ್ಲಿಲ್ಲ."

ಮಲ್ಲೇಶಪ್ಪ ಬರೆದು ಮುಗಿಸಿ ಓದಿ ಹೇಳಿದರು. 'ಬಿದ್ದಿದ್ದರು' ಎಂಬ ಮಾತು ಬಂದಲ್ಲಿ ಗಂಗಹನುಮಯ್ಯ ತಡೆದ. "ನಾನು ಅರ್ಧ ಹೇಳಿದ್ದೆ ಅಂತಾನೂ ಸೇರಿಸಿ." ಅದೂ ಸೇರಿತು.

"ಎಲ್ಲಿ ಸಹಿ ಹಾಕ್ಲಿ?"

"ಪೊಲೀಸರಿಗೆ ಕೊಟ್ಟ ಸಾಕ್ಷಿ ಹೇಳಿಕೆಗೆ ಸಹಿ ಹಾಕ್ಸೋ ಹಾಗಿಲ್ಲ. ಹೇಳಿದ್ಯಲ್ಲ, ಸಾಕು." ಇನ್ನೊಂದು ಹಾಳೆ ಎಳೆದುಕೊಂಡು ರಸ್ತೆಯ ಎರಡು ಗೆರೆ ಹಾಕಿದರು, ತಿರುವು ಬಗ್ಗಿಸಿದರು. ಟ್ಯಾಂಕರಿಗೆ ಒಂದು ಉದ್ದ ಚೌಕ, ಸೈಕಲ್ಲಿಗೆ ಒಂದು ಗೀಟು. "ನಾಳೆ ಬೆಳಗ್ಗೆ ಜಾಗಕ್ಕೇ ಹೋಗಿ ಸರಿಯಾಗಿ ಬರೆಯೋಣ. ಈಗ ಅಂದಾಜಿಗೆ ತೋರ್ಸು. ಆಟೋ ಎಲ್ಲಿತ್ತು?"

ಗಂಗಹನುಮಯ್ಯ ತಿರುವಿನ ಮೇಲೆ ಹೆಬ್ಬೆಟ್ಟು ಇಟ್ಟ. ತೆಗೆಯುವಾಗ ಕಾಗದ ಅಂಟಿಕೊಂಡು ತುಸು ಮೇಲೆದ್ದಿತು. ಕೈಮೇಲೆ ಚೆಲ್ಲಿದ್ದ ಅರಗು ಇನ್ನೂ ಅಂಟಂಟಾಗಿತ್ತು. ಎರಡು ಗೆರೆಗಳ ನಡುವೆ ಅವನ ಹೆಬ್ಬೆಟ್ಟಿನ ಗುರುತು ಸುತ್ತು ಸುತ್ತಾಗಿ, ಕಂದು ಬಣ್ಣದಲ್ಲಿ, ದೀಪದ ಬೆಳಕಿಗೆ ಹೊಳೆಯುತ್ತ ಉಳಿಯಿತು.