ಚೌಕಟ್ಟಿನ ಬಲ ಅಂಚು

ಭಾನುವಾರ ಬೆಳಿಗ್ಗೆ ಅಂಗಡಿಯಿಂದ ಫೋನ್ ಬಂದಾಗ ಟೆಕ್ನಿಷಿಯನ್ ಆಗಷ್ಟೇ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದ. "ಮೊನ್ನೆ ಹಾಕಿದ ಐವತ್ತೈದು ಇಂಚಿನದು. ಸ್ಕೋರ್ ಅರ್ಧ ಕಾಣಲ್ವಂತೆ, ಚೆಂಡಿಗೆ ಬಾಲ ಬರುತ್ತಂತೆ. ಮಧ್ಯಾಹ್ನ ನೆಂಟರು ಬರ್ತಾರೆ, ಅಷ್ಟರೊಳಗೆ ಸರಿಯಾಗ್ಬೇಕಂತೆ" ಎಂದು ಮ್ಯಾನೇಜರ್ ಒಂದೇ ಉಸಿರಿಗೆ ಒದರಿ ವಿಳಾಸ ಕಳಿಸಿದ. ಆ ಟೀವಿಯನ್ನು ಗೋಡೆಗೆ ಹಾಕಿದವರು ಬೇರೆಯವರು. ಪೆಟ್ಟಿಗೆ ಬಿಚ್ಚಿ, ಸ್ಕ್ರೂ ಬಿಗಿದು, ಕೈ ತೊಳೆದುಕೊಂಡು ಹೋಗಿದ್ದರು. ಇಂಥ ಅರ್ಧಂಬರ್ಧ ಕೆಲಸಗಳು ಬಂದು ಬೀಳುತ್ತಿದ್ದುದು ಇವನ ತಲೆಗೇ. ಇಡೀ ಅಂಗಡಿಯಲ್ಲಿ ಚಿತ್ರವನ್ನು ಕಣ್ಣಿಟ್ಟು ನೋಡುವವನು ಇವನೊಬ್ಬನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ.

ಮೂರನೇ ಮಹಡಿಯ ಮನೆ. ಬಾಗಿಲು ತೆರೆದ ಹೆಂಗಸು "ಸದ್ಯ ಬಂದ್ರಲ್ಲ, ಬನ್ನಿ" ಎಂದು ಒಳಗೆ ಕರೆದಳು. ಹಾಲಿನಲ್ಲಿ ಟೀವಿಯ ಎದುರು, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಕಾಲ ಮೇಲೆ ಹೊದಿಕೆ ಹೊದ್ದು ಅವಳ ಮಾವ ಕೂತಿದ್ದರು. ಅವರು ಮುಖ ತಿರುಗಿಸಿದ್ದೇ ತಡ, ಟೆಕ್ನಿಷಿಯನ್‌ನ ಹೆಜ್ಜೆ ಅಲ್ಲೇ ನಿಂತಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೆನ್ನೆ ಜೋತಿತ್ತು. ಆದರೂ ಒಂದು ಕಣ್ಣು ಕಿರಿದು ಮಾಡಿ ಎದುರಿನವನನ್ನು ಅಳೆಯುವ ಆ ನೋಟ ಬದಲಾಗಿರಲಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ ಇವರು ಸಿನಿಮಾ ಛಾಯಾಗ್ರಾಹಕರಾಗಿದ್ದಾಗ ಅವನು ಇವರ ಕೈಕೆಳಗೆ ಸಹಾಯಕನಾಗಿದ್ದ.

ಅವರಿಗೆ ಇವನ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಶೂಟಿಂಗಿನವರೆಲ್ಲ ಇವನನ್ನು 'ಕಡ್ಡಿ' ಎಂದು ಕರೆಯುತ್ತಿದ್ದರು. ಆ ಕಡ್ಡಿಗೆ ಈಗ ಬೆಲ್ಟಿನ ಮೇಲೆ ಇಳಿಬಿದ್ದ ಹೊಟ್ಟೆಯಿತ್ತು.

"ಏನಪ್ಪಾ, ಹೊಸ ಟೀವಿ ತಂದು ಎರಡು ದಿನ ಆಗಿಲ್ಲ. ಇದೇನು ಅವಸ್ಥೆ?" ಎಂದರು.

"ನೋಡ್ತೀನಿ ಸರ್" ಎಂದಷ್ಟೇ ಹೇಳಿ ಅವನು ರಿಮೋಟ್ ಎತ್ತಿಕೊಂಡ.

ಮ್ಯಾಚ್ ನಡೆಯುತ್ತಿತ್ತು. ಹನ್ನೊಂದು ವರ್ಷದ ಮೊಮ್ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಶಾಲೆಯ ಟೀಮಿನಲ್ಲಿ ಅವಳು ಬೌಲರ್. ಇವನು ಕೇಳುವ ಮೊದಲೇ ದೂರು ಶುರುಮಾಡಿದಳು. "ಅಂಕಲ್, ಕೆಳಗಡೆ ಪಟ್ಟಿ ನೋಡಿ, ಓವರ್ ಎಷ್ಟು ಅಂತ ಕಾಣೋದೇ ಇಲ್ಲ. ಚೆಂಡು ಎರಡೆರಡು ಬರುತ್ತೆ. ಹುಲ್ಲು ನೋಡಿ, ಪೇಂಟ್ ಬಳಿದ ಹಾಗಿದೆ."

"ಕಣ್ಣು ಚುರುಕಿದೆ ನಿಂಗೆ" ಎಂದ. ಕೆಲಸದ ಮಾತು ಬಂದದ್ದೇ ಅವನಿಗೆ ಸ್ವಲ್ಪ ಉಸಿರು ಬಂದಂತಾಯಿತು. "ಅಂಗಡಿ ಲೈಟಲ್ಲಿ ಎದ್ದು ಕಾಣ್ಲಿ ಅಂತ ಇದನ್ನ ವಿವಿಡ್ ಮೋಡಲ್ಲಿ ಇಟ್ಟಿರ್ತಾರೆ. ಮನೇಲಿ ನೋಡಿದ್ರೆ ಆಟಗಾರರೆಲ್ಲ ಸುಣ್ಣ ಬಳ್ಕೊಂಡು ಬಂದ ಹಾಗಿರ್ತಾರೆ. ಹಗಲು ಹೊತ್ತು ಮ್ಯಾಚಿಗೆ ಸ್ಟ್ಯಾಂಡರ್ಡ್ ಸಾಕು." ಮೋಡ್ ಬದಲಾಯಿಸಿದ. ಹುಲ್ಲು ಹುಲ್ಲಾಯಿತು.

"ಎರಡು ಚೆಂಡು?"

"ಅದು ಟೀವಿಯ ಅಧಿಕಪ್ರಸಂಗ. ಒಂದು ಚಿತ್ರ ಆದ್ಮೇಲೆ ಇನ್ನೊಂದು ಬರುತ್ತಲ್ಲ, ಅವೆರಡರ ನಡುವೆ ತಾನೇ ಒಂದು ಊಹೆ ಮಾಡಿ ತುರುಕುತ್ತೆ, ಚಲನೆ ನುಣ್ಣಗೆ ಕಾಣ್ಲಿ ಅಂತ. ಆಟಗಾರ ಓಡೋದನ್ನ ಊಹಿಸಬಹುದು. ಇಷ್ಟೇ ಇಷ್ಟು ಚೆಂಡು ಅಷ್ಟು ಜೋರಾಗಿ ಹೋದ್ರೆ ಲೆಕ್ಕ ತಪ್ಪುತ್ತೆ. ಅದಕ್ಕೇ ಬಾಲ." ಮೋಷನ್ ಸ್ಮೂದಿಂಗನ್ನು ಆಫ್ ಮಾಡಿದ. ಮುಂದಿನ ಎಸೆತದಲ್ಲಿ ಚೆಂಡು ಒಂದೇ ಬಂತು.

ಉಳಿದದ್ದು ಸ್ಕೋರ್. ಚಿತ್ರವನ್ನು ಚೂರು ಹಿಗ್ಗಿಸಿ ನಾಲ್ಕೂ ಅಂಚನ್ನು ಪರದೆಯ ಆಚೆಗೆ ತಳ್ಳುವುದು ಹಳೆಯ ಡಬ್ಬಾ ಟೀವಿಗಳ ಕಾಲದ ಚಾಳಿ. ಓವರ್‌ಸ್ಕ್ಯಾನ್ ಎನ್ನುತ್ತಾರೆ. ಹೊಸ ಟೀವಿಗಳಲ್ಲಿ ಅದರ ಅಗತ್ಯವೇ ಇಲ್ಲ, ಆದರೂ ಎಷ್ಟೋ ಟೀವಿಗಳಲ್ಲಿ ಅದು ಆನ್ ಆಗಿಯೇ ಬರುತ್ತದೆ. ಚಿತ್ರದ ಅಳತೆಯ ಮೆನುವಿಗೆ ಹೋಗಿ ಅದನ್ನು ಆಫ್ ಮಾಡಿದ. ಚಿತ್ರ ಒಂದಿಷ್ಟು ಕುಗ್ಗಿತು. ಕೆಳಗಿನ ಪಟ್ಟಿ ಪೂರ್ತಿ ಮೇಲೆದ್ದು ಬಂತು.

"ಹದಿನೇಳು ಪಾಯಿಂಟ್ ಎರಡು!" ಎಂದು ಹುಡುಗಿ ಕಿರುಚಿದಳು. ಅಡುಗೆಮನೆಯಿಂದ ಅವಳಮ್ಮ "ಅಬ್ಬಾ, ಮನೇಲಿ ಇನ್ನು ಶಾಂತಿ" ಎಂದಳು.

ಅಲ್ಲಿಗೆ ಎದ್ದು ಬಂದುಬಿಟ್ಟಿದ್ದರೆ ಆಗಿತ್ತು. ಆದರೆ ಛಾಯಾಗ್ರಾಹಕರು ಕೈಯೆತ್ತಿ ತಡೆದರು.

"ಸಿನಿಮಾಕ್ಕೂ ಸೆಟ್ ಮಾಡು. ಮಧ್ಯಾಹ್ನ ಎಲ್ಲರೂ ಬರ್ತಿರೋದೇ ಅದಕ್ಕೆ. ನನ್ನ ಪಿಕ್ಚರನ್ನ ಚಾನೆಲ್‌ನವರು ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿ ಹೋದ ವಾರ ಹಾಕಿದ್ರು. ಮೂಲೆಮೂಲೆಯನ್ನೂ ಬಿಡದೆ ತೆಗೆದಿದ್ದಾರಂತೆ. ಸೆಟ್ ಟಾಪ್ ಬಾಕ್ಸಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ. ಕೊನೇ ಸೀನ್ ಹಾಕು. ಅದು ಸರಿ ಕಂಡ್ರೆ ಎಲ್ಲಾ ಸರಿ ಅಂತ."

ಯಾವ ಪಿಕ್ಚರ್ ಎಂದು ಟೆಕ್ನಿಷಿಯನ್ ಕೇಳಲಿಲ್ಲ. ಹುಡುಗಿಯನ್ನು ಓವರಿನ ನಡುವೆ ಒಲಿಸಿ ರೆಕಾರ್ಡಿಂಗ್ ಹಾಕಿದ. ಕಿಟಕಿಯ ಪರದೆಗಳನ್ನು ಎಳೆದ. ಮೋಡನ್ನು ಸಿನಿಮಾಕ್ಕೆ ತಿರುಗಿಸಿದ. "ಹಳದಿ ಆಯ್ತಲ್ಲ?" ಎಂದಳು ಹುಡುಗಿ. "ಎರಡು ನಿಮಿಷ ತಡ್ಕೋ, ಕಣ್ಣು ಒಗ್ಗುತ್ತೆ" ಎಂದರು ತಾತ ಮತ್ತು ಟೆಕ್ನಿಷಿಯನ್, ಇಬ್ಬರೂ ಒಟ್ಟಿಗೆ. ಮುದುಕರು ಅವನ ಕಡೆ ಒಮ್ಮೆ ನೋಡಿದರು.

ಪರದೆಯ ಮೇಲೆ ಮುಸ್ಸಂಜೆ. ಕಲ್ಲಿನ ಕಟ್ಟೆಯ ಮೇಲೆ ನಾಯಕಿ ನೀರಿನ ಕಡೆಗೆ ನಡೆದು ಹೋಗುತ್ತಾಳೆ, ಅಷ್ಟೇ. ಸೂರ್ಯ ಮುಳುಗುವ ನಾಲ್ಕು ನಿಮಿಷದಲ್ಲಿ, ಒಂದೇ ಟೇಕಿನಲ್ಲಿ ತೆಗೆದದ್ದು. ಆ ಸಂಜೆ ಲೆನ್ಸಿಗೆ ಬಿಸಿಲು ಹೊಡೆಯದಂತೆ ಕಪ್ಪು ಹಲಗೆ ಹಿಡಿದು ಕ್ಯಾಮೆರಾದ ಎಡಗಡೆ ನಿಂತವನು ಕಡ್ಡಿ. ಕ್ಯಾಮೆರಾದ ಹಿಂದೆ ಇದ್ದವರು ಛಾಯಾಗ್ರಾಹಕರ ಬಾಮೈದ. ಛಾಯಾಗ್ರಾಹಕರು ಬಲಗಡೆ ನಿಂತು ನಾಯಕಿಗೆ ಸನ್ನೆ ಮಾಡುತ್ತಿದ್ದರು. ನಾಲ್ಕು ದಿನದ ನಂತರ ಲ್ಯಾಬಿನಲ್ಲಿ ತೊಳೆದ ರೀಲು ನೋಡಿದ ನಿರ್ದೇಶಕರು ಕೆಂಡವಾದರು: ಚೌಕಟ್ಟಿನೊಳಗೆ ಯಾರದೋ ಕೈ! ಥಿಯೇಟರಿನಲ್ಲಿ ಅಂಚು ಮುಚ್ಚಿಹೋಗುತ್ತದೆ, ಯಾರಿಗೂ ಕಾಣದು ಎಂದು ಆಮೇಲೆ ಸಮಾಧಾನವಾಯಿತು. ಅಷ್ಟರಲ್ಲಿ, ಅದು ಕಡ್ಡಿಯ ಕೈ ಎಂದು ಛಾಯಾಗ್ರಾಹಕರು ಹೇಳಿ, ಬಾಮೈದ ಹೌದೆಂದು, ಅವನನ್ನು ಎಲ್ಲರೆದುರು ಬೈದು, ಹೊಡೆಯಲು ಹೋಗಿ, ಹೊರಗೆ ಹಾಕಿಯಾಗಿತ್ತು. 'ಕೈ ಹಾಕುವವನು' ಎಂಬ ಹೆಸರು ಅವನಿಗಿಂತ ಮುಂಚೆ ಪ್ರತಿ ಕಂಪನಿಯ ಬಾಗಿಲಿಗೂ ಹೋಗಿ ನಿಂತಿತು. ರೀಲು ನೋಡಲು ಅವನನ್ನು ಯಾರೂ ಒಳಗೆ ಬಿಟ್ಟಿರಲಿಲ್ಲ. ಕೈ ಚಾಚಿದ ನೆನಪು ಅವನಿಗಿರಲಿಲ್ಲ. ಆದರೆ ಇಷ್ಟು ಜನ ಹೇಳುತ್ತಿದ್ದಾರೆ ಎಂದಮೇಲೆ ತನ್ನದೇ ಇರಬೇಕೆಂದು ಒಪ್ಪಿಕೊಂಡಿದ್ದ. ಟಾಕೀಸಿನಲ್ಲೂ ಟೀವಿಯಲ್ಲೂ ಎಷ್ಟೋ ಸಲ ಅದೇ ಸೀನ್ ನೋಡಿದ್ದ. ಎಲ್ಲೂ ಕೈ ಕಂಡಿರಲಿಲ್ಲ.

"ತಾತಾ, ಅದ್ಯಾರ ಕೈ?"

ಪರದೆಯ ಬಲ ಅಂಚಿನಲ್ಲಿ, ಓವರ್‌ಸ್ಕ್ಯಾನ್ ಇಷ್ಟು ದಿನ ನುಂಗಿಟ್ಟಿದ್ದ ಎರಡು ಬೆರಳಿನಷ್ಟು ಜಾಗದಲ್ಲಿ, ಒಂದು ಬಲಗೈ 'ನಿಧಾನ, ನಿಧಾನ' ಎನ್ನುವಂತೆ ಮೇಲೆ ಕೆಳಗೆ ಆಡುತ್ತಿತ್ತು. ಮಣಿಕಟ್ಟಿನಲ್ಲಿ ಕೈಗಡಿಯಾರ.

ಛಾಯಾಗ್ರಾಹಕರು ಕೆಮ್ಮಿದರು. "ಅದಾ... ಅಸಿಸ್ಟೆಂಟ್ ಒಬ್ಬ ಇದ್ದ. ಶುದ್ಧ ಪೆದ್ದ. ಅವನದು."

ಟೆಕ್ನಿಷಿಯನ್ ರಿಮೋಟನ್ನು ಒತ್ತಿ ಚಿತ್ರ ನಿಲ್ಲಿಸಿದ. ಕೈ ಅಲ್ಲೇ ನಿಂತಿತು.

"ಅಸಿಸ್ಟೆಂಟ್ ಎಡಗಡೆ ಇದ್ದ, ಸರ್" ಎಂದ. ತನ್ನ ಧ್ವನಿ ತನಗೇ ಬೇರೆ ಯಾರದೋ ಅನ್ನಿಸಿತು. "ಹಲಗೆ ಹಿಡ್ಕೊಂಡಿದ್ದ. ಎರಡೂ ಕೈಯಲ್ಲಿ. ವಾಚ್ ಕಟ್ಟೋ ಯೋಗ್ಯತೆ ಆಗ ಅವನಿಗಿರಲಿಲ್ಲ."

ಮುದುಕರ ಒಂದು ಕಣ್ಣು ಕಿರಿದಾಯಿತು. ಅವರು ಅವನ ಮುಖವನ್ನು, ಹೊಟ್ಟೆಯನ್ನು, ಮತ್ತೆ ಮುಖವನ್ನು ನೋಡಿದರು. ಬಲಗೈ ಮೆಲ್ಲಗೆ ಹೊದಿಕೆಯೊಳಗೆ ಸರಿಯಿತು. ಹುಡುಗಿ ಅದನ್ನು ನೋಡಿದಳು. ಅವಳ ತಾತ ವಾಚನ್ನು ಬಲಗೈಗೇ ಕಟ್ಟುತ್ತಿದ್ದರು.

ಒಂದು ಮಾತು ಬಂದೀತು ಎಂದು ಟೆಕ್ನಿಷಿಯನ್ ಕಾದ. ಕ್ಷಮೆ ಕೂಡ ಬೇಕಿರಲಿಲ್ಲ. 'ಕಡ್ಡಿ' ಎಂದು ಕರೆದಿದ್ದರೂ ಸಾಕಿತ್ತು.

"ಮೊದಲು ಹೇಗಿತ್ತೋ ಹಾಗೇ ಮಾಡಿಬಿಡು" ಎಂದರು ಕೊನೆಗೆ, ಟೀವಿಯನ್ನೇ ನೋಡುತ್ತ.

"ಏನನ್ನ, ಸರ್?"

"ಅದೇ. ಅಂಚು. ಮುಚ್ಚಿ ಹೋಗೋ ಹಾಗೆ."

"ಮ್ಯಾಚೂ ಇದೇ ಬಾಕ್ಸಿಂದ ಬರೋದು. ಮತ್ತೆ ಸ್ಕೋರ್ ಕಟ್ ಆಗುತ್ತೆ. ಬೇಕಾದ್ರೆ ಸಿನಿಮಾ ಹೊತ್ತಿಗೆ ಒಂದು ಥರ, ಮ್ಯಾಚಿಗೆ..."

"ಬೇಡ ಅಂದ್ನಲ್ಲ! ಯಾರಾದ್ರೂ ಮರೀತಾರೆ. ಯಾವಾಗ್ಲೂ ಹಾಗೇ ಇರ್ಲಿ."

ಸೊಸೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ಯಾಕೆ ಮಾವ? ಈಗ ತಾನೇ ಸರಿ ಆಯ್ತು ಅಂತ ಕುಣೀತಿದ್ಳು?"

"ನನ್ನ ಪಿಕ್ಚರ್ ಹೇಗೆ ಕಾಣ್ಬೇಕು ಅಂತ ನಂಗೊತ್ತು!" ಎಂದು ಮುದುಕರು ಗದರಿದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅವಳು ತಾತನನ್ನೂ ನೋಡಲಿಲ್ಲ, ಟೀವಿಯನ್ನೂ ನೋಡಲಿಲ್ಲ, ಎದ್ದು ಒಳಗೆ ಹೋದಳು.

ಟೆಕ್ನಿಷಿಯನ್‌ಗೆ ಹೇಳಲು ಮಾತು ಬೇಕಾದಷ್ಟಿತ್ತು. ಇಪ್ಪತ್ತಮೂರು ವರ್ಷ ಕೂಡಿಟ್ಟ ಮಾತು. ಆದರೆ ಅಂಗಡಿಯ ಅಂಗಿ ತೊಟ್ಟಿದ್ದ, ಎದೆಯ ಮೇಲೆ ಅಂಗಡಿಯ ಹೆಸರಿತ್ತು. ಅಳತೆಯ ಮೆನು ತೆರೆದು ಓವರ್‌ಸ್ಕ್ಯಾನನ್ನು ಆನ್ ಮಾಡಿದ. ಚಿತ್ರ ಹಿಗ್ಗಿತು. ಕೈ ಹೊರಟುಹೋಯಿತು. ನಾಯಕಿ ಮಾತ್ರ ಉಳಿದಳು, ಯಾರ ಸನ್ನೆಯೂ ಇಲ್ಲದೆ ತಾನಾಗಿಯೇ ಅಷ್ಟು ಚೆಂದ ನಡೆಯುತ್ತಿದ್ದಾಳೆ ಎಂಬ ಹಾಗೆ.

ಸೊಸೆ ಕಾಗದಕ್ಕೆ ಸಹಿ ಹಾಕುವಾಗ ದೂರಿನ ಜಾಗದಲ್ಲಿ ಏನು ಬರೆಯಲಿ ಎಂದು ತಬ್ಬಿಬ್ಬಾದಳು. "ಸ್ಕೋರ್ ಸರಿ ಆಗಿಲ್ಲ ಅಂತ ಬರೀರಿ ಅಮ್ಮಾ, ನಿಜ ತಾನೇ" ಎಂದ. ಅವಳು ಹಾಗೇ ಬರೆದಳು.

ಮರುದಿನ ಮ್ಯಾನೇಜರ್ ಅದನ್ನು ಹಿಡಿದು ಚೆನ್ನಾಗಿ ಉಗಿದ. "ಎರಡು ನಿಮಿಷದ ಕೆಲಸ, ಅದೂ ಬರಲ್ವಾ ನಿಂಗೆ? ಹತ್ತು ವರ್ಷದಿಂದ ಏನ್ ಕಡಿದು ಕಟ್ಟೆ ಹಾಕಿದೀಯ?" ಇವನು ತಲೆ ತಗ್ಗಿಸಿ ನಿಂತ. ಹಾಗೆ ನಿಲ್ಲುವುದು ಅವನಿಗೆ ರೂಢಿಯಾಗಿತ್ತು. ಆದರೆ ಈ ಸಲ ತಪ್ಪು ಯಾರದೆಂದು ಗೊತ್ತಿದ್ದೂ ನಿಂತಿದ್ದ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದ. ಅವಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು. ಮದುವೆಯಾದಾಗಿನಿಂದ ಗಂಡ ಒಂದು ಲೋಟ ಇಡುವಾಗಲೂ ಎರಡು ಸಲ ಕೈ ನೋಡಿಕೊಳ್ಳುವುದನ್ನು ಕಂಡು ರೇಗಿಸಿದವಳು ಅವಳು.

"ಹಾಗಿದ್ರೆ ಹೇಳ್ರೀ! ನಾಲ್ಕು ಜನಕ್ಕೆ ಗೊತ್ತಾಗ್ಲಿ. ಸುಮ್ಮನೆ ಬಿಡ್ತೀರಾ?"

"ಯಾರಿಗೆ ಹೇಳ್ಲಿ?" ಎಂದ ಅವನು. "ಡೈರೆಕ್ಟರ್ ಹೋಗಿ ಏಳು ವರ್ಷ ಆಯ್ತು. ಬಾಮೈದನೂ ಇಲ್ಲ. ಆ ಕಂಪನಿಗಳೆಲ್ಲ ಮುಚ್ಚಿ ಹೋದ್ವು. ಕಡ್ಡಿ ಅಂತ ಒಬ್ಬ ಇದ್ದ ಅನ್ನೋದು ಯಾರಿಗೆ ನೆನಪಿದೆ, ಅವನು ತಪ್ಪು ಮಾಡಿರಲಿಲ್ಲ ಅಂತ ಹೇಳೋಕೆ?"

ಅವನು ತಟ್ಟೆಯನ್ನು ಸರಿಸಿ, ಕೈ ತೊಳೆಯಲು ಎದ್ದ.