ಖಾಲಿ ಡಬ್ಬ ವಾಪಸ್ ಕೊಡಬಾರದು

ಗಗನಾಳಿಗೆ ಬೇಕಾಗಿದ್ದದ್ದು ಅಂಗಡಿಯ ಒಂದೇ ಒಂದು ಹಲಗೆ. ಜರ್ಮನಿಯ ಹ್ಯಾನೋವರಿನ ಲಿಂಡೆನ್ ಬಡಾವಣೆಯಲ್ಲಿ ಪ್ಲಾಸ್ಟಿಕ್ ಚೀಲವಿಲ್ಲದೆ ಬೇಳೆಕಾಳು ತೂಗಿ ಕೊಡುವ ಪುಟ್ಟ ಅಂಗಡಿಯೊಂದಿದೆ. ಅದರ ಒಡತಿ ಫ್ರೌ ಪೀಟರ್ಸನ್, ಅಂದರೆ ಶ್ರೀಮತಿ ಪೀಟರ್ಸನ್. ಗಗನಾ ಮನೆಯಲ್ಲಿ ಮಾಡುವ ಲಾವಂಚದ ಸೋಪನ್ನು ಮೂಸಿ ನೋಡಿ, ಅದಕ್ಕೆ ಮಾಡಿಸಿದ್ದ ಸುರಕ್ಷತಾ ಪರೀಕ್ಷೆಯ ವರದಿಯನ್ನು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, ಆಕೆ ಒಂದು ಷರತ್ತು ಹಾಕಿದ್ದಳು. ಹೋದ ವರ್ಷ ಯಾರದೋ ಜಾಮ್ ಇಟ್ಟುಕೊಂಡಿದ್ದಳಂತೆ. ಅವರ ಸ್ನೇಹಿತರೆಲ್ಲ ಎರಡು ವಾರ ಬಂದು ಕೊಂಡರು, ಆಮೇಲೆ ಬಾಟಲಿಗಳ ಮೇಲೆ ಧೂಳು ಕೂತಿತು. ಆದ್ದರಿಂದ ಇದೇ ಊರಿನ, ಗಗನಾಳ ಪರಿಚಯವಿಲ್ಲದ ಇಪ್ಪತ್ತು ಜನ ಈ ಸೋಪು ಬೇಕು ಎಂದು ಕೇಳಿದ್ದನ್ನು ಕ್ರಿಸ್‌ಮಸ್‌ಗೆ ನಾಲ್ಕು ವಾರ ಮುಂಚೆ ಬರುವ ಮೊದಲ ಅಡ್ವೆಂಟ್ ಭಾನುವಾರದೊಳಗೆ ತೋರಿಸಬೇಕು. ತೋರಿಸಿದರೆ ಸೋಪಿಡಲು ಒಂದು ಹಲಗೆ. ಇಲ್ಲದಿದ್ದರೆ ಗಗನಾ ಜನವರಿಯಿಂದ ಲಾಟ್ಸೆನ್ ಊರಿನ ಗೋದಾಮಿನಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರುವುದೆಂದು ಹೂಂ ಅಂದಾಗಿತ್ತು. ಸೋಪಿನ ಅಚ್ಚುಗಳನ್ನು ಯಾರಿಗೆ ಕೊಡುವುದೆಂದೂ ಮನಸ್ಸಿನಲ್ಲೇ ಯೋಚಿಸಿ, ಯೋಚಿಸಿದ್ದಕ್ಕೆ ಅತ್ತಿದ್ದಳು.

ಪರಿಚಯವಿಲ್ಲದವರಿಗೆ ಸೋಪಿನ ಸುದ್ದಿ ಮುಟ್ಟಿಸುವುದು ಹೇಗೆ? ಗಂಡ ಅನೂಪ್ ವೋಲ್ಫ್ಸ್‌ಬುರ್ಗಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು. ತರಕಾರಿ ತರಲು ಹೇಳಿದರೂ ಎಕ್ಸೆಲ್ ಹಾಳೆ ತೆರೆಯುವ ಪೈಕಿ. ಇನ್‌ಸ್ಟಾಗ್ರಾಮಿನಲ್ಲಿ ಸಣ್ಣ ಮಟ್ಟಿನ ಹೆಸರಿರುವ ಯಾರಿಗಾದರೂ ಹಣದ ಬದಲು ಸೋಪನ್ನೇ ಕೊಟ್ಟು ರೀಲ್ ಮಾಡಿಸೋಣ ಎಂದು ಸೂಚಿಸಿದ್ದು ಅವನೇ.

ಗಗನಾ ಮೊದಲು ಕಣ್ಣು ಹಾಕಿದ್ದು ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗಿನ ಸ್ಪಂದನಾ ಎಂಬ ಹುಡುಗಿಯ ಮೇಲೆ. ನಲವತ್ತೆರಡು ಸಾವಿರ ಫಾಲೋವರ್ಸ್, ಜರ್ಮನಿಯ ಬದುಕಿನ ಬಗ್ಗೆ ನಗೆ ಉಕ್ಕಿಸುವ ಕನ್ನಡ ರೀಲುಗಳು. ಗಗನಾ ಕೇಳಿದ್ದಕ್ಕೆ ಆ ಹುಡುಗಿ ತನ್ನ ನೋಡುಗರ ವಿವರದ ಸ್ಕ್ರೀನ್‌ಶಾಟ್ ಸಂಕೋಚವಿಲ್ಲದೆ ಕಳಿಸಿದಳು. ನೂರಕ್ಕೆ ಎಂಬತ್ತೊಂದು ಮಂದಿ ಭಾರತದಲ್ಲಿದ್ದರು. ಮಂಡ್ಯದಲ್ಲಿ ಕೂತು ನಗುವವರು ಹ್ಯಾನೋವರಿನ ಅಂಗಡಿಗೆ ಬಂದು ಸೋಪು ಕೇಳುತ್ತಾರೆಯೇ ಎಂದು ಅನೂಪ್ ನಕ್ಕ. ಗಗನಾಳಿಗೆ ಆ ನಲವತ್ತೆರಡು ಸಾವಿರವನ್ನು ಬಿಡಲು ಮನಸ್ಸೇ ಬರಲಿಲ್ಲ, ಆದರೂ ಬಿಟ್ಟಳು.

ಎರಡನೆಯವಳು ಅಶ್ಲಿನ್. ಉಡುಪಿಯವಳು, ಇದೇ ಊರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಬಾಡಿಗೆ ಕೋಣೆಯಲ್ಲಿ ಕಸ ಕಡಿಮೆ ಮಾಡಿ ಬದುಕುವುದು ಹೇಗೆಂದು ಜರ್ಮನ್ ಭಾಷೆಯಲ್ಲಿ ರೀಲ್ ಮಾಡುತ್ತಿದ್ದಳು. ಫಾಲೋವರ್ಸ್ ಆರು ಸಾವಿರದ ಮುನ್ನೂರು, ಅಷ್ಟೇ. ಆದರೆ ಒಂದೊಂದು ರೀಲಿಗೂ ನಾನೂರರಷ್ಟು ಲೈಕು, ಮೂವತ್ತು ನಲವತ್ತು ಕಮೆಂಟು. ಕಮೆಂಟುಗಳೂ ಬರೀ ಹೃದಯದ ಚಿತ್ರಗಳಲ್ಲ, ನಿಜವಾದ ಪ್ರಶ್ನೆಗಳು. ನೋಡುಗರಲ್ಲಿ ಹೆಚ್ಚಿನವರು ಜರ್ಮನಿಯವರು, ಊರುಗಳ ಪಟ್ಟಿಯಲ್ಲಿ ಹ್ಯಾನೋವರೇ ಮೊದಲು. ಇವಳೇ ಸೈ ಎಂದರು ಇಬ್ಬರೂ.

ಇನ್ನು ಕೇಳುವ ಮಾತು. ಅನೂಪ್ ಒಂದು ಕಾಗದ ಬರೆದುಕೊಟ್ಟ. ಐದು ಸೋಪು ನಿನಗೆ, ಪ್ರತಿಯಾಗಿ ಒಂದು ರೀಲು ಮತ್ತು ಎರಡು ಸ್ಟೋರಿ, ಇಂಥ ತಾರೀಖಿನೊಳಗೆ. ಸ್ಟೋರಿಯಲ್ಲಿ ನಾವು ಸೋಪು ಮಾರುವ ವೆಬ್‌ಪುಟದ ಕೊಂಡಿ, ರೀಲಿನಲ್ಲಿ ನಿನ್ನ ಹೆಸರಿನ ರಿಯಾಯಿತಿ ಕೋಡು. ಜಾಹೀರಾತು ಎಂದು ಎದ್ದು ಕಾಣುವಂತೆ ಬರೆಯಬೇಕು. ಚರ್ಮದ ಕಾಯಿಲೆ ವಾಸಿಯಾಗುತ್ತದೆ ಎನ್ನಬಾರದು, ಏಕೆಂದರೆ ಸೋಪು ಔಷಧಿಯಲ್ಲ. ಏಳು ದಿನಗಳ ನಂತರ ಎಷ್ಟು ಜನ ನೋಡಿದರು, ಎಷ್ಟು ಜನ ಕೊಂಡಿ ಒತ್ತಿದರು ಎಂಬುದರ ಸ್ಕ್ರೀನ್‌ಶಾಟ್ ಕಳಿಸಬೇಕು.

ಒಂದಕ್ಷರವೂ ತಪ್ಪಿರಲಿಲ್ಲ. ಗಗನಾಳ ಮುಖ ಮಾತ್ರ ಕೆಂಪಾಯಿತು. ಮನೆಗೆ ಕರೆದು ಊಟ ಬಡಿಸಿ, ಎಲೆಯ ಪಕ್ಕದಲ್ಲಿ ಬಿಲ್ಲಿಟ್ಟ ಹಾಗಿದೆ ಎಂದಳು. ಮೈಸೂರಿನ ಹೆಣ್ಣುಮಗಳು, ಬಾಯಿಬಿಟ್ಟು ಕೇಳಿ ಅಭ್ಯಾಸವಿಲ್ಲ. ಅದೆಲ್ಲವನ್ನೂ ಅಳಿಸಿ ತಾನೇ ನಾಲ್ಕು ಸಾಲು ಬರೆದಳು: ನಿಮ್ಮ ರೀಲು ಬಹಳ ಇಷ್ಟ, ನಮ್ಮ ಕಡೆಯ ಹುಡುಗಿ ಎಂದು ಹೆಮ್ಮೆ, ಪ್ರೀತಿಯಿಂದ ಒಂದಿಷ್ಟು ಸೋಪು ಕೊಡುತ್ತೇನೆ, ಏನೂ ಬಲವಂತವಿಲ್ಲ.

ಊರ ನಡುವಿನ ಕ್ರೊಪ್ಕೆ ಚೌಕದ ಗಡಿಯಾರದ ಕೆಳಗೆ ಇಬ್ಬರೂ ಭೇಟಿಯಾದರು. ಅಶ್ಲಿನ್ ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತಿತ್ತು, ಮೊದಲ ಮಾತಿಗೇ ಅಕ್ಕ ಎಂದಳು. ಅಲ್ಲಿಗೆ ಮುಗಿಯಿತು. ಅಕ್ಕ ಅನ್ನಿಸಿಕೊಂಡ ಮೇಲೆ ಕೋಡಿನ ಮಾತೆತ್ತುವುದು ಹೇಗೆ? ಸ್ಟೀಲಿನ ಡಬ್ಬದಲ್ಲಿ ಐದು ಸೋಪಿಟ್ಟು, ಬೇರೆ ಕಾಗದದಲ್ಲಿ ನಾಲ್ಕು ಚಕ್ಕುಲಿ ಸುತ್ತಿ ಕೈಗೆ ಕೊಟ್ಟು, ಚಳಿ ಜಾಸ್ತಿ, ಟೋಪಿ ಹಾಕಿಕೋ ಎಂದು ಬುದ್ಧಿ ಹೇಳಿ ಮನೆಗೆ ಬಂದಳು.

ಹತ್ತು ದಿನ ಕಳೆದರೂ ರೀಲಿಲ್ಲ, ಸ್ಟೋರಿಯಿಲ್ಲ. ಗಗನಾ ದಿನಕ್ಕೆ ಇಪ್ಪತ್ತು ಸಲ ಫೋನು ನೋಡಿದಳು. ಸೋಪು ಹಿಡಿಸಲಿಲ್ಲವೇ? ಚಕ್ಕುಲಿ ಗಟ್ಟಿಯಾಗಿತ್ತೇ? ಕೊನೆಗೆ ಅಶ್ಲಿನಳೇ ಬಾಗಿಲಿಗೆ ಬಂದಳು, ಕೈಯಲ್ಲಿ ಅದೇ ಡಬ್ಬ. ಒಳಗೆ ತುಂಬ ನೆವ್ರಿ, ಅವರ ಕಡೆ ಕ್ರಿಸ್‌ಮಸ್‌ಗೆ ಮಾಡುವ ಕರ್ಜಿಕಾಯಿ. ಖಾಲಿ ಡಬ್ಬ ವಾಪಸ್ ಕೊಡಬಾರದು ಎಂದು ಅವಳ ಅಮ್ಮ ಫೋನಿನಲ್ಲಿ ಹೇಳಿದ್ದಳಂತೆ. ಸೋಪು ತುಂಬ ಚೆನ್ನಾಗಿದೆ, ದಿನಾ ಹಚ್ಚುತ್ತಿದ್ದೇನೆ ಎಂದಳು. ನೆವ್ರಿಯೂ ಚೆನ್ನಾಗಿತ್ತು. ರೀಲಿನ ಸೊಲ್ಲೇ ಇಲ್ಲ.

ಗಗನಾಳಿಗೆ ತಲೆಬುಡ ತಿಳಿಯಲಿಲ್ಲ. ಉಳಿದಿರುವುದು ಎರಡೇ ವಾರ. ಕಾಫಿ ಲೋಟವನ್ನು ಮೂರು ಸಲ ಆಚೀಚೆ ಸರಿಸಿ, ಕಡೆಗೂ ಕೇಳಿದಳು.

"ಅಲ್ಲಾ ಅಶ್ಲಿನ್, ಚೆನ್ನಾಗಿದೆ ಅಂತೀಯ. ಮತ್ತೆ ಯಾಕಮ್ಮ ಏನೂ ಹಾಕ್ಲಿಲ್ಲ?"

ಹುಡುಗಿಯ ಕೈಯಲ್ಲಿದ್ದ ನೆವ್ರಿ ಅರ್ಧಕ್ಕೇ ನಿಂತಿತು. "ಎಂತ ಅಕ್ಕ, ನೀವು ಪ್ರೀತಿಯಲ್ಲಿ ಕೊಟ್ಟದ್ದು ಅಂತ ಎಣಿಸಿದ್ದೆ ನಾನು. ಫ್ರೀ ಬಂದದ್ದನ್ನು ಹಾಕುವಾಗ ಮೇಲೆ ವೆರ್ಬುಂಗ್ ಅಂತ ಬರೀಬೇಕು ಇಲ್ಲಿ. ಅಕ್ಕ ಕೊಟ್ಟ ಗಿಫ್ಟಿಗೆ ಜಾಹೀರಾತು ಅಂತ ಬರೆದ್ರೆ ನಿಮಗೆ ಬೇಜಾರಾಗ್ಲಿಕ್ಕಿಲ್ವಾ?"

ಗಗನಾ ನಾಚಿಕೆಯಿಂದ ಕುಗ್ಗಿಹೋದಳು. ಬೇಕು ಎಂದು ಹೇಳದೆ ಬೇಕಾದದ್ದು ಸಿಗಲೆಂದು ಕಾದವಳು ತಾನೇ. ಒಳಕೋಣೆಯಿಂದ ಅನೂಪನ ಹಳೆಯ ಕಾಗದವನ್ನು ತಂದು ಮೇಜಿನ ಮೇಲಿಟ್ಟಳು. ಅಶ್ಲಿನ್ ಓದಿ, ಇಷ್ಟೇನಾ ಎಂದು ನಿರಾಳವಾಗಿ ಉಸಿರುಬಿಟ್ಟಳು. ಒಂದೇ ಒಂದು ತಿದ್ದುಪಡಿ ಕೇಳಿದಳು: ಐದು ಸೋಪಿಗೆ ಎರಡು ಸ್ಟೋರಿ ಜಾಸ್ತಿ, ಒಂದು ಸಾಕು. ಗಗನಾ ಒಪ್ಪಿದಳು.

ಮೂರನೆಯ ದಿನ ರೀಲು ಬಂತು. ಮೊದಲ ಕ್ಷಣದಿಂದಲೇ ಮೇಲ್ಗಡೆ ವೆರ್ಬುಂಗ್ ಎಂಬ ಪದ. ಅಶ್ಲಿನ್ ಸೈಕಲ್ಲಿನ ಎಣ್ಣೆ ಮೆತ್ತಿದ ಕೈಯನ್ನು ಲಾವಂಚದ ಸೋಪಿನಿಂದ ತೊಳೆದು ಮೂಸಿ, ನಮ್ಮೂರಲ್ಲಿ ಹೂಜಿಯ ನೀರಿಗೆ ಈ ಬೇರು ಹಾಕುತ್ತಾರೆ ಎಂದು ಜರ್ಮನ್‌ನಲ್ಲಿ ಹೇಳಿದ್ದಳು. ಗಗನಾ ಹಿಗ್ಗಿನಲ್ಲಿ ಹ್ಯಾನೋವರ್ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿ, ದಯವಿಟ್ಟು ಕಮೆಂಟ್ ಮಾಡಿ ಎಂದು ಬೇಡಿಕೊಂಡಳು. ಅದು ಎಂಥ ದಡ್ಡತನವೆಂದು ತಿಳಿದದ್ದು ಲೆಕ್ಕ ಹಾಕುವ ಹೊತ್ತಿಗೆ.

ಏಳು ದಿನಗಳಾದ ಮೇಲೆ ಅಶ್ಲಿನ್ ಹೇಳಿದ ಮಾತಿನಂತೆ ಸ್ಕ್ರೀನ್‌ಶಾಟ್ ಕಳಿಸಿದಳು. ನೋಡಿದವರು ಒಂಬತ್ತು ಸಾವಿರ. ಸ್ಟೋರಿಯ ಕೊಂಡಿ ಒತ್ತಿದವರು ನೂರಾ ನಲವತ್ತು. ಕೋಡು ಹಾಕಿ ಕೊಂಡವರು ನಾಲ್ಕು. ಬರೀ ನಾಲ್ಕು! ಆದರೆ ವಾರಕ್ಕೆ ಎರಡು ಮೂರು ಬರುತ್ತಿದ್ದ ಆರ್ಡರು ಆ ವಾರ ಹನ್ನೊಂದು ಬಂದಿತ್ತು. ಉಳಿದ ಏಳು ಎಲ್ಲಿಂದ ಬಂದವು? ಕೋಡು ಮರೆತವರೋ, ಹಬ್ಬಕ್ಕೆಂದು ತಾವಾಗಿಯೇ ಬಂದವರೋ? ಅನೂಪ್ ನಾಲ್ಕಂತೂ ಖಚಿತ, ಹೆಚ್ಚೆಂದರೆ ಎಂಟು ಎಂದ. ಗಗನಾ ಹನ್ನೊಂದೂ ನಮ್ಮದೇ ಎಂದಳು. ಗಂಡಹೆಂಡಿರು ಅರ್ಧ ದಿನ ವಾದಿಸಿದರೂ ಯಾವ ಸಂಖ್ಯೆಯೂ ಇಪ್ಪತ್ತಾಗಲಿಲ್ಲ.

ಶನಿವಾರ ಬೆಳಗ್ಗೆ, ಬೇರೆ ದಾರಿ ಕಾಣದೆ, ಗಗನಾ ಕಮೆಂಟುಗಳನ್ನು ಒಂದೊಂದಾಗಿ ಓದಿದಳು. ಒಬ್ಬಾಕೆ ಬರೆದಿದ್ದಳು: ಒಂದು ಸೋಪಿಗೆ ಅಷ್ಟು ಅಂಚೆ ವೆಚ್ಚ ಯಾರು ಕೊಡುತ್ತಾರೆ, ಹ್ಯಾನೋವರಿನಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಅದರ ಕೆಳಗೆ ಇನ್ನೊಬ್ಬರು, ನನಗೂ ತಿಳಿಸಿ. ಹೀಗೇ ಮೂವತ್ತನಾಲ್ಕು ಜನ. ಫ್ರೌ ಪೀಟರ್ಸನ್ ಕೇಳಿದ್ದು ಕೊಂಡವರನ್ನಲ್ಲ, ಬೇಕೆಂದವರನ್ನು! ಗಗನಾ ಅವನ್ನೆಲ್ಲ ಪ್ರಿಂಟ್ ತೆಗೆದು, ಪೆನ್ನು ಹಿಡಿದು ಪರಿಚಯದವರನ್ನು ಹೊಡೆದುಹಾಕಲು ಕೂತಳು. ಗುಂಪಿನ ಕನ್ನಡಿಗರು ಹದಿನಾಲ್ಕು ಮಂದಿ, ಅವಳೇ ಬೇಡಿಕೊಂಡು ಬರೆಸಿದವರು. ಉಳಿದವರು ಇಪ್ಪತ್ತು. ಸರಿಯಾಗಿ ಇಪ್ಪತ್ತು! ಮತ್ತೊಮ್ಮೆ ನೋಡಿದರೆ ಕೊನೆಯ ಹೆಸರು ಹಾರ್ಮ್ಸ್. ಕೆಳಮಹಡಿಯ ವಿಧವೆ ಫ್ರೌ ಹಾರ್ಮ್ಸ್! ಒಂದೇ ಕಟ್ಟಡದವಳನ್ನು ಅಪರಿಚಿತೆ ಎನ್ನಲಾಗುತ್ತದೆಯೇ? ಸುಳ್ಳು ಹೇಳಿ ಹಲಗೆ ಪಡೆದರೆ ಅದರ ಮೇಲಿಟ್ಟ ಸೋಪು ತನ್ನನ್ನೇ ನೋಡಿ ನಗುತ್ತದೆ ಎನ್ನಿಸಿತು. ಅದನ್ನೂ ಹೊಡೆದಳು.

ಫ್ರೌ ಪೀಟರ್ಸನ್ ಹಾಳೆಯನ್ನು ಬೆರಳಿಟ್ಟು ಎಣಿಸಿದಳು. ಹತ್ತೊಂಬತ್ತು. ಆಮೇಲೆ ಕೊನೆಯ ಗೀಟನ್ನು ತೋರಿಸಿ ಇದು ಯಾರು ಎಂದಳು. ನೆರೆಯವರು ಎಂದಳು ಗಗನಾ. ನೆರೆಯಾಕೆ ನಿನ್ನ ಮೇಲಿನ ದಾಕ್ಷಿಣ್ಯಕ್ಕೆ ಕೇಳಿದ್ದೋ, ಸೋಪು ಬೇಕಾಗಿ ಕೇಳಿದ್ದೋ, ಎಂದಳು ಆಕೆ. ಗೊತ್ತಿಲ್ಲ ಎಂದಳು ಗಗನಾ. ಹಾಗಾದರೆ ಹೋಗಿ ಕೇಳು, ಅಂಗಡಿ ನಾಲ್ಕಕ್ಕೆ ಮುಚ್ಚುತ್ತದೆ, ನಾಳೆ ಅಡ್ವೆಂಟ್ ಎಂದು ಆಕೆ ತೊಗರಿಬೇಳೆ ತೂಗಲು ಹೋದಳು.

ಫ್ರೌ ಹಾರ್ಮ್ಸ್ ಬಾಗಿಲು ತೆರೆದಾಗ ಗಗನಾ ಈ ಸಲ ಸುತ್ತಿಬಳಸಲಿಲ್ಲ. ನೀವು ಆ ಕಮೆಂಟು ಬರೆದದ್ದು ನನಗೆ ಸಹಾಯವಾಗಲೆಂದೋ, ಸೋಪು ಬೇಕಾಗಿಯೋ ಎಂದು ನೇರವಾಗಿ ಕೇಳಿದಳು. ಮುದುಕಿ ಕೆಂಪಾದಳು. ಒಳಗೆ ಕರೆದುಕೊಂಡು ಹೋಗಿ ಬಚ್ಚಲುಮನೆಯ ಕಿಟಕಿಯ ಕಟ್ಟೆ ತೋರಿಸಿದಳು. ಅಲ್ಲಿ ಸೋಪಿನ ಬಿಲ್ಲೆಯಿಲ್ಲ, ಉಗುರಿನಷ್ಟು ಚೂರು ಮಾತ್ರ ಉಳಿದಿತ್ತು.

"ಎರಡು ವರ್ಷದಿಂದ ನಿನ್ನ ಸೋಪನ್ನೇ ಹಚ್ಚುತ್ತಿದ್ದೇನೆ, ನೀನೇ ಕೊಟ್ಟದ್ದು. ಒಂದಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ," ಎಂದಳು. "ಈಗ ಮುಗಿದಿದೆ. ಮತ್ತೆ ನಿನ್ನ ಬಾಗಿಲು ತಟ್ಟಲು ನನಗೆ ನಾಚಿಕೆ. ಅಂಗಡಿಯಲ್ಲಿ ಸಿಕ್ಕರೆ ತಲೆಯೆತ್ತಿ ಕೊಳ್ಳಬಹುದಲ್ಲ ಎಂದು ಕೇಳಿದೆ."

ದುಡ್ಡಿಲ್ಲದೆ ಕೊಟ್ಟು ಕೊಟ್ಟು, ಮತ್ತೆ ಕೇಳದಂತೆ ತಾನು ಮುಚ್ಚಿಸಿದ್ದು ಎಷ್ಟು ಜನರ ಬಾಯಿಯನ್ನೋ ಎಂದು ಗಗನಾ ಆ ಪುಟ್ಟ ಬಚ್ಚಲುಮನೆಯಲ್ಲಿ ನಿಂತು ಬೆರಗಾದಳು. ಇದು ಇಪ್ಪತ್ತನೆಯದು ಹೌದೋ ಅಲ್ಲವೋ ಅವಳಿಗೆ ಆಗಲೂ ತಿಳಿಯಲಿಲ್ಲ. ಅದನ್ನು ಫ್ರೌ ಪೀಟರ್ಸನ್ ತೀರ್ಮಾನಿಸಲಿ ಎಂದುಕೊಂಡು, ಕೋಟು ಹಾಕಿಕೊಂಡು ಬನ್ನಿ, ನನ್ನ ಜೊತೆ ಅಂಗಡಿಗೆ ಬಂದು ಇದನ್ನೇ ಹೇಳಿ ಎಂದಳು.

ಇಬ್ಬರೂ ತಲುಪಿದಾಗ ಮೂರೂ ಮುಕ್ಕಾಲು. ಫ್ರೌ ಹಾರ್ಮ್ಸ್ ಅದೇ ಮಾತನ್ನು ಮತ್ತೊಮ್ಮೆ ಹೇಳಿದಳು. ಫ್ರೌ ಪೀಟರ್ಸನ್ ಗಲ್ಲಾದ ಪಕ್ಕದ ಹಲಗೆಯಿಂದ ಮೇಣದಬತ್ತಿಗಳನ್ನು ತೆಗೆದು ಕೆಳಗಿಟ್ಟು, ಒದ್ದೆಬಟ್ಟೆಯಿಂದ ಒರೆಸಿದಳು. ಗಗನಾ ಚೀಲದಲ್ಲಿದ್ದ ಆರು ಸೋಪುಗಳನ್ನು ಅದರ ಮೇಲೆ ಒಂದೊಂದಾಗಿ ಜೋಡಿಸಿದಳು. ಮುದುಕಿ ಅದರಲ್ಲೊಂದನ್ನು ಎತ್ತಿಕೊಂಡು ಪರ್ಸು ತೆರೆದಳು. ಅಭ್ಯಾಸಬಲದಿಂದ ಗಗನಾಳ ಕೈ, ಬೇಡ ಬೇಡ ಎನ್ನಲು ಅರ್ಧ ಮೇಲೆದ್ದಿತು.

ಅವಳು ಆ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.